ಬೆಳಗಿನ ಎಂಟಕ್ಕೆ ಬೆಲೆ ನೋಡಿ ಬರುವುದು

ನನ್ನ ಗೆಳತಿಗೆ ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡು ಅಭ್ಯಾಸವಿಲ್ಲ. ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದಾಗಲೂ ಹಾಗೆಯೇ. ಶನಿವಾರ ಸಿಸ್ಟರ್ ನಮ್ಮನ್ನು ಸಾಲಾಗಿ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರೆ, ನಾನು ರಿಬ್ಬನ್ನಿನವನು ಕೇಳಿದಷ್ಟು ಕೊಟ್ಟು, ಮೇಲೆ ಒಂದು ಥ್ಯಾಂಕ್ಯೂ ಬೇರೆ ಹೇಳಿ ಬರುತ್ತಿದ್ದೆ. ಅವಳು ಬೆಲೆ ಕೇಳಿ, ಮುಖ ಸಿಂಡರಿಸಿ, ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದಳು. ಅವನು ಹಿಂದಿನಿಂದ ಕೂಗಿ ಕರೆದರೆ ಸರಿ. ಕರೆಯದಿದ್ದರೆ ಮುಂದಿನ ಶನಿವಾರ ಹೋಗಿ ಅದೇ ರಿಬ್ಬನ್ನಿನ ಬೆಲೆಯನ್ನು ಮತ್ತೆ ಕೇಳುತ್ತಿದ್ದಳು. ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಡುವ ಹೊತ್ತಿಗೆ ಆ ರಿಬ್ಬನ್ ಅವಳ ಜಡೆಯಲ್ಲಿರುತ್ತಿತ್ತು, ಅವಳು ಹೇಳಿದ ಬೆಲೆಗೆ.

ಆಮೇಲೆ ಅವಳು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಸೊಸೆಯಾಗಿ ಹೋದಳು. ನಾನು ಮಂಡ್ಯದಲ್ಲಿ ಇಂಗ್ಲಿಷ್ ಟೀಚರ್ ಆದೆ, ರಿಟೈರೂ ಆದೆ. ಕಬ್ಬು, ರೇಷ್ಮೆ, ಎಮ್ಮೆ ಅಂತ ಐವತ್ತು ವರ್ಷ ಆ ಊರಿನ ಬಿಸಿಲಲ್ಲಿ ಬಾಳಿ ಅವಳ ಮಾತು ಪೂರಾ ಆ ಊರಿನದೇ ಆಗಿಬಿಟ್ಟಿದೆ. ಸಿಟ್ಟು ಬಂದಾಗ ಮಾತ್ರ ಸಿಸ್ಟರುಗಳ ಇಂಗ್ಲಿಷು ಎಲ್ಲಿಂದಲೋ ಎದ್ದು ಬರುತ್ತದೆ, ಅದೂ ಪರ್ಫೆಕ್ಟ್ ಗ್ರಾಮರಿನಲ್ಲಿ. ಒಂದು ಅಭ್ಯಾಸವನ್ನು ಅವಳು ಬಿಟ್ಟಿರಲಿಲ್ಲ. ಬೆಳಿಗ್ಗೆ ಪೇಪರು ಬಂದರೆ ಮೊದಲ ಪುಟದಿಂದ ಕೊನೆಯ ಪುಟದ ಟೆಂಡರ್ ಪ್ರಕಟಣೆಯವರೆಗೆ ಒಂದು ಸಾಲೂ ಬಿಡದೆ ಓದಬೇಕು. ಓದಿ ಮುಗಿಯುವವರೆಗೆ ಮನೆಯಲ್ಲಿ ಯಾರೂ ಅವಳನ್ನು ಮಾತನಾಡಿಸುವಂತಿರಲಿಲ್ಲ.

ಅಂಥವಳ ಕಣ್ಣಿನ ನಡುಭಾಗ ಸವೆಯತೊಡಗಿತು. ಅಂಚಿನಲ್ಲಿರುವುದು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. "ನಿನ್ನ ಕಿವಿಯೋಲೆ ಕಾಣ್ತದೆ, ಮುಖ ಕಾಣಕ್ಕಿಲ್ಲ. ಒಳ್ಳೇದೇ ಆಯ್ತು ಬುಡು, ವಯಸ್ಸಾದ್ಮೇಲೆ ನಿನ್ನ ಮುಖದಲ್ಲಿ ನೋಡಕ್ಕೇನದೆ?" ಎಂದು ನಕ್ಕಳು. ಪೇಪರಿನ ವಿಷಯಕ್ಕೆ ಮಾತ್ರ ಅವಳಿಗೆ ನಗು ಬರುತ್ತಿರಲಿಲ್ಲ. ಮಗ ಓದಿ ಹೇಳುತ್ತಿದ್ದ, ಸೊಸೆ ಓದಿ ಹೇಳುತ್ತಿದ್ದಳು. "ಓದಿ ಏಳೋರು ಅವ್ರಿಗೆ ಬೇಕಾದ್ದನ್ನೇ ಓದ್ತಾರೆ ಕಣೇ. ಮಗ ಬರೀ ಕ್ರಿಕೆಟ್ಟು. ಸೊಸೆ ಚಿನ್ನದ ರೇಟು. ನಂಗೆ ಬೇಕಾದ್ದು ಅವ್ರ ಕಣ್ಣಿಗೇ ಬೀಳಕ್ಕಿಲ್ಲ" ಎನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಮೈಸೂರಿನ ಕಣ್ಣಾಸ್ಪತ್ರೆಗೆ ಅವಳ ಜೊತೆ ನಾನೂ ಹೋಗಿದ್ದೆ. ಅಲ್ಲೊಂದು ಕೋಣೆಯಲ್ಲಿ ಟಿವಿಯಂಥ ಒಂದು ಪರದೆ, ಅದರ ಕೆಳಗೆ ಕ್ಯಾಮೆರಾ, ಅದರ ಕೆಳಗೆ ಅತ್ತಿತ್ತ ಜಾರುವ ಒಂದು ತಟ್ಟೆ. ವಿಡಿಯೋ ಮ್ಯಾಗ್ನಿಫೈಯರ್ ಅಂದರು. ಆ ತಟ್ಟೆಯ ಮೇಲೆ ಪೇಪರು ಇಟ್ಟರೆ ಪರದೆಯ ಮೇಲೆ ಒಂದೊಂದು ಅಕ್ಷರವೂ ಇಡ್ಲಿಯಷ್ಟು ದೊಡ್ಡದಾಗಿ, ಕಪ್ಪಿನ ಮೇಲೆ ಬೆಳ್ಳಗೆ ಮೂಡುತ್ತದೆ. ಅವಳು ಕತ್ತನ್ನು ಒಂದು ಕಡೆಗೆ ವಾಲಿಸಿ, ಕಣ್ಣಂಚಿನಿಂದ ನೋಡಿ, "ನೀ... ರಾ... ವ... ರಿ" ಎಂದು ಓದಿದಳು. ಡಾಕ್ಟರು, "ಇರುವ ದೃಷ್ಟಿಯಲ್ಲೇ ಇದನ್ನು ಬಳಸೋದು ಕಲಿಬೇಕು ಅಮ್ಮ, ತುಂಬಾ ತಡ ಮಾಡಬೇಡಿ, ಆಮೇಲೆ ಕಲಿಯೋದು ಕಷ್ಟ" ಎಂದರು. ಇವಳು ಬೆಲೆ ಕೇಳಿದಳು. ಐವತ್ತೆಂಟು ಸಾವಿರ. ಮುಖ ಸಿಂಡರಿಸಿದಳು, ಎದ್ದು ಬೆನ್ನು ತಿರುಗಿಸಿ ನಡೆದಳು. ಅರವತ್ತು ವರ್ಷದ ಹಿಂದಿನ ಅದೇ ನಡಿಗೆ. ಹಿಂದಿನಿಂದ ಕರೆಯಲು ಅಲ್ಲಿ ಯಾವ ಅಂಗಡಿಯವನಿದ್ದ?

"ನಲವತ್ತೈದರೊಳಕ್ಕೆ ಬಂದ್ರೆ ತಕ್ಕತೀನಿ. ಅದ್ರ ಮ್ಯಾಲೆ ಒಂದು ರೂಪಾಯಿ ಕೊಡಕ್ಕಿಲ್ಲ" ಎಂದಳು ಕಾರಿನಲ್ಲಿ.

ದುಡ್ಡಿಲ್ಲವೆಂದಲ್ಲ, ರೇಷ್ಮೆಗೂಡು ಮಾರಿದ ಅವಳ ಸ್ವಂತ ಹಣವಿತ್ತು. ಮಗನಂತೂ ಅಂದೇ ಕೊಡಿಸಲು ತಯಾರಿದ್ದ. ಬೆಲೆ ಸುಳ್ಳು ಹೇಳಿ ತಂದಿಟ್ಟುಬಿಡೋಣ ಆಂಟಿ ಎಂದು ನನ್ನ ಕಿವಿಯಲ್ಲೂ ಊದಿದ. ಅವಳಿಗೆ ಬೆಲೆಯ ವಿಷಯದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ ಎಂದೆ. ಸ್ಟಬ್ಬರ್ನ್ ಎಂದರೆ ಸ್ಟಬ್ಬರ್ನ್. ಒಂದು ಕಡೆ ಇವಳ ಹಟ, ಇನ್ನೊಂದು ಕಡೆ ದಿನೇ ದಿನೇ ಸವೆಯುತ್ತಿರುವ ಕಣ್ಣು. ಯಾವುದು ಮೊದಲು ಇಳಿಯುತ್ತದೋ ಎಂಬುದೇ ನನ್ನ ಭಯ.

ಆ ಯಂತ್ರವನ್ನು ಮಾರುವುದು ಬೆಂಗಳೂರಿನ ಒಂದು ಸಣ್ಣ ಅಂಗಡಿ, ಅದಕ್ಕೊಂದು ವೆಬ್‌ಸೈಟು. ದಿನಾ ಅದನ್ನು ತೆರೆದು ಬೆಲೆ ನೋಡುವ ಕೆಲಸವನ್ನು ನಾನು ವಹಿಸಿಕೊಂಡೆ. ಒಂದು ದಿನ ನೋಡಿದರೆ ಮೂರು ದಿನ ಮರೆತೆ. ನಮ್ಮ ಮನೆಯ ಮಹಡಿಯ ಮೇಲೆ ಇಲ್ಲೇ ಹತ್ತಿರದ ಹೊಳಲಿನ ಹೆಣ್ಣುಮಗಳೊಬ್ಬಳು ಗಂಡನೊಂದಿಗೆ ಬಾಡಿಗೆಗಿದ್ದಾಳೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಲೆಕ್ಚರರ್. ಎಂಟನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಟೆನ್ಸ್ ಕಲಿತವಳು, ಇವತ್ತಿಗೂ ನಾನು ಅವಳಿಗೆ "ಮಿಸ್". ನಾನು ಕನ್ನಡಕ ಹಣೆಗೇರಿಸಿಕೊಂಡು ಬೆಲೆ ಹುಡುಕುತ್ತಿದ್ದುದನ್ನು ಕಂಡು ನಕ್ಕಳು.

"ಇದನ್ನ ಯಾರಾದ್ರೂ ಕೈಯಲ್ಲಿ ಮಾಡ್ತಾರಾ ಮಿಸ್? ಒಂದು ಸ್ಕ್ರೇಪರ್ ಬರೆದುಬಿಡೋಣ."

ನನಗೆ ಗೊತ್ತಿದ್ದ ಸ್ಕ್ರೇಪರು ತೆಂಗಿನಕಾಯಿ ತುರಿಯುವುದು. ಇದೂ ಹೆಚ್ಚು ಕಡಿಮೆ ಅದೇ ಕೆಲಸವಂತೆ. ವೆಬ್ ಪೇಜು ಎಂಬ ಕಾಯಿಯಿಂದ ನಮಗೆ ಬೇಕಾದ ಬೆಲೆಯೊಂದನ್ನು ಮಾತ್ರ ತುರಿದು ತರುವುದು.

ಭಾನುವಾರ ಮಧ್ಯಾಹ್ನ ನನ್ನ ಊಟದ ಮೇಜಿನ ಮೇಲೆ ಕೆಲಸ ನಡೆಯಿತು. ನಾನು ಸೊಗಡಿನ ಅವರೆಕಾಯಿ ಸುಲಿಯುತ್ತಾ ಕೂತೆ, ಅವಳು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಾ ಹೋದಳು. ಮೊದಲು ಆ ಅಂಗಡಿಯವರು ಇಂಥ ಪ್ರೋಗ್ರಾಮುಗಳಿಗೆ ಎಲ್ಲೆಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ಬರೆದಿಟ್ಟಿರುವುದನ್ನು ಓದಿದಳು. "ಈ ಪೇಜಿಗೆ ಬರಬಹುದು ಅಂತಿದೆ ಮಿಸ್. ದಿನಕ್ಕೆ ಒಂದೇ ಸಲ ಹೋಗೋಣ. ನಿಮಿಷಕ್ಕೊಂದ್ಸಲ ಹೋಗಿ ಬಾಗಿಲು ಬಡಿದ್ರೆ ಅವರು ಗೇಟು ಹಾಕ್ಕೋತಾರೆ." ಆಮೇಲೆ ಪ್ರೋಗ್ರಾಮು ಪೇಜನ್ನು ತರುತ್ತದೆ, ಅದರಲ್ಲಿ ರೂಪಾಯಿ ಚಿಹ್ನೆಯ ಮುಂದಿರುವ ಸಂಖ್ಯೆಯನ್ನು ಎತ್ತಿಕೊಳ್ಳುತ್ತದೆ, ಅದರೊಳಗಿನ ಕಾಮಾವನ್ನು ತೆಗೆದುಹಾಕುತ್ತದೆ. ಕಾಮಾ ಇದ್ದರೆ ಕಂಪ್ಯೂಟರು ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲವಂತೆ. ಪಂಕ್ಚುಯೇಶನ್ನಿಗಾಗಿಯೇ ಮೂವತ್ತು ವರ್ಷ ಮಕ್ಕಳೊಂದಿಗೆ ಜಗಳವಾಡಿದ ನನಗೆ ಸ್ವಲ್ಪ ಬೇಸರವಾಯಿತು. ಕೊನೆಗೆ, ಆ ಸಂಖ್ಯೆ ನಲವತ್ತೈದು ಸಾವಿರ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ನನ್ನ ಫೋನಿಗೊಂದು ಮೆಸೇಜು.

"ದಿನಾ ಎಷ್ಟು ಹೊತ್ತಿಗೆ ಮಿಸ್?"

"ಬೆಳಿಗ್ಗೆ ಎಂಟು. ನಾನು ಆಗ ಕಾಫಿ ಕುಡಿಯುತ್ತೇನೆ."

ಅವಳು ಒಂದು ಸಾಲು ಬರೆದಳು: ಸೊನ್ನೆ, ಎಂಟು, ಆಮೇಲೆ ಮೂರು ನಕ್ಷತ್ರ. ಸೊನ್ನೆ ನಿಮಿಷ, ಎಂಟು ಗಂಟೆ. ನಕ್ಷತ್ರಗಳೆಂದರೆ ಯಾವ ತಾರೀಖಾದರೂ, ಯಾವ ತಿಂಗಳಾದರೂ, ಯಾವ ವಾರವಾದರೂ ಸರಿ. ಹೌ ಪ್ರೆಟಿ ಅನ್ನಿಸಿತು. ನಮ್ಮ ಸಿಸ್ಟರುಗಳೂ ಒಳ್ಳೆಯ ಕಾಪಿ ಪುಸ್ತಕಕ್ಕೆ ನಕ್ಷತ್ರ ಹಾಕುತ್ತಿದ್ದರು.

ಸಂಜೆ ಗೆಳತಿಗೆ ಫೋನು ಮಾಡಿ ಎಲ್ಲ ವಿವರಿಸಿದೆ. ಅವಳಿಗೆ ನನಗಿಂತ ಬೇಗ ಅರ್ಥವಾಯಿತು.

"ಅಂದ್ರೆ ದಿನಾ ಅಂಗ್ಡಿಗೋಗಿ ಬೆಲೆ ಕೇಳ್ಕಂಡ್ ಬರೋ ಆಳು ಮಡಿಕ್ಕಂಡಿದೀಯ ಅನ್ನು."

"ಕೇಳೋದಿಲ್ಲ ಕಣೇ, ನೋಡಿಕೊಂಡು ಬರುತ್ತದೆ ಅಷ್ಟೆ."

"ಬಾಯಿ ಬುಡ್ದೆ ನೋಡ್ಕಂಡ್ ಬಂದ್ರೆ ಯಾವನು ಇಳಿಸ್ತಾನೆ? ಒಳ್ಳೆ ಮೂಗ್ಬಸವನ್ನ ಕಳಿಸಿದೀಯ ಬುಡು."

ಹೀಗೆ ಸಂಕ್ರಾಂತಿ ಕಳೆಯಿತು. ಮೂಗಬಸವ ದಿನಾ ಹೋಗಿ ಬರುತ್ತಿದ್ದ. ಯುಗಾದಿಯ ಹಿಂದಿನ ದಿನ ನಾನು ಕಾಫಿ ಲೋಟ ತುಟಿಗಿಟ್ಟಿದ್ದೇನೆ, ಫೋನು ಟಿಣ್ ಎಂದಿತು. "ಬೆಲೆ ಇಳಿದಿದೆ: 4,833." ಇನ್ನೊಂದು ಸೊನ್ನೆ ಬಿಟ್ಟುಹೋಗಿದೆಯೇನೋ ಎಂದು ಕನ್ನಡಕ ಒರೆಸಿ ನೋಡಿದೆ. ಇಲ್ಲ, ನಾಲ್ಕು ಸಾವಿರದ ಎಂಟುನೂರ ಮೂವತ್ತಮೂರು. ಮಹಡಿ ಮೇಲಿನವಳನ್ನು ಕೇಳುವಷ್ಟು ತಾಳ್ಮೆಯಾದರೂ ಬೇಡವೆ? ನೇರ ಬೆಳ್ಳೂರಿಗೆ ಫೋನು ಮಾಡಿದೆ.

"ಅಯ್ಯೋ, ಐದು ಸಾವ್ರಕ್ಕಾ? ಕದ್ದ ಮಾಲೇ ಇರ್ಬೇಕು. ಬ್ಯಾಡ ಕಣೇ, ಪೋಲೀಸ್ರು ಬಂದಾರು" ಎಂದಳು.

ಮೇಲಿನವಳು ಇಳಿದು ಬಂದು ಪೇಜು ತೆರೆದು ತಲೆ ಮೇಲೆ ಕೈಯಿಟ್ಟುಕೊಂಡಳು. ಹಬ್ಬಕ್ಕೆಂದು ಅಂಗಡಿಯವರು ಬೆಲೆಯ ಮೇಲೆ ಹೊಸದೊಂದು ಸಾಲು ಸೇರಿಸಿದ್ದರು: ತಿಂಗಳಿಗೆ ಇಷ್ಟರಂತೆ ಹನ್ನೆರಡು ಕಂತು. ನಮ್ಮ ಪ್ರೋಗ್ರಾಮು ಪೇಜಿನಲ್ಲಿ ಕಂಡ ಮೊದಲ ರೂಪಾಯಿಯನ್ನೇ ಬೆಲೆ ಎಂದು ನಂಬಿ ಎತ್ತಿಕೊಂಡು ಬಂದಿತ್ತು. ನಿಜವಾದ ಬೆಲೆ ಕೆಳಗೆ, ಐವತ್ತೆಂಟು ಸಾವಿರವಾಗಿಯೇ ಕೂತಿತ್ತು.

"ತಪ್ಪು ನಂದೇ ಮಿಸ್. ಮೊದಲನೇ ರೂಪಾಯಿ ತಗೋ ಅಂತ ಹೇಳಬಾರದಿತ್ತು. ಬೆಲೆಗೆ ಅಂತಾನೇ ಅವರ ಪೇಜಲ್ಲಿ ಹೆಸರಿಟ್ಟ ಒಂದು ಜಾಗ ಇರುತ್ತೆ, ಅಲ್ಲಿಂದ ಮಾತ್ರ ತಗೋ ಅಂತ ಹೇಳಬೇಕು." ಹಾಗೆಯೇ ತಿದ್ದಿದಳು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದಳು: ಒಂದೇ ದಿನದಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದರೆ ಖುಷಿಪಡಬೇಡ, "ಅನುಮಾನ, ಕಣ್ಣಾರೆ ನೋಡಿ" ಎಂದು ಮೆಸೇಜು ಕಳಿಸು. ನನ್ನಂಥ ಅವಸರದವಳಿಗೆ ಅದು ಬೇಕಿತ್ತು.

ಅಲ್ಲಿಂದ ಮುಂದೆ ಫೋನು ಸುಮ್ಮನಾಯಿತು. ಮೆಸೇಜು ಬಂದಿಲ್ಲವೆಂದರೆ ಬೆಲೆ ಇಳಿದಿಲ್ಲವೆಂದು ಅರ್ಥ, ಅದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ? ಯುಗಾದಿ ಕಳೆದು ಸಂಜೆಯ ಗುಡುಗು ಮಳೆ ಶುರುವಾಯಿತು. ನಾನು ಎಂದಿನ ಹಾಗೆ ಕಾಫಿ, ಗಿಡಗಳು, ವಾಕಿಂಗ್ ಎಂದು ನೆಮ್ಮದಿಯಾಗಿದ್ದೆ.

ಒಂದು ಸಂಜೆ ಗೆಳತಿ ಫೋನಿನಲ್ಲಿ ಕೇಳಿದಳು, "ನಿನ್ನ ಬಸವ ದಿನಾ ಓಯ್ತಾ ಅವ್ನಾ?"

"ಹೋಗುತ್ತಿದ್ದಾನೆ."

"ಓಯ್ತಾ ಅವ್ನೆ ಅಂತ ನಿಂಗೆ ಎಂಗೊತ್ತು?"

"ಇಳಿದಿದ್ದರೆ ಮೆಸೇಜು ಬರುತ್ತಿತ್ತಲ್ಲ."

"ಅದಲ್ಲ ಕಣೇ ನಾ ಕೇಳಿದ್ದು. ನೀನು ನಮ್ಮೂರಿಂದ ಮಂಡ್ಯಕ್ಕೆ ಬಸ್ ಅತ್ತಿದ್ರೆ, ಮನೆ ಮುಟ್ಟಿದ್ಮೇಲೆ ಒಂದು ಮಿಸ್ ಕಾಲ್ ಕೊಡ್ತೀಯೋ ಇಲ್ವೋ? ಕೊಡ್ನಿಲ್ಲ ಅಂದ್ರೆ ನಾನು ಏನಂತ ತಿಳ್ಕಬೇಕು, ಸುಖವಾಗವ್ಳೆ ಅಂತ್ಲಾ? ದಾರೀಲಿ ಬಸ್ ಕೆಟ್ಟೋಯ್ತು ಅಂತ್ಲಾ? ನಿನ್ನ ಬಸವ ಮುಟ್ಟಿದ್ದಕ್ಕೆ ಮಿಸ್ ಕಾಲ್ ಕೊಡ್ತಾನಾ?"

ನಮ್ಮ ಕಡೆ ಯಾರೇ ಎಲ್ಲಿಗೆ ಹೋದರೂ ತಲುಪಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಲೇಬೇಕು. ಕಾಸು ಖರ್ಚಿಲ್ಲದ ಕ್ಷೇಮ ಸಮಾಚಾರ ಅದು. ಅದನ್ನು ಕೊಡದಿದ್ದವರಿಗೆ ಬೈಗುಳ ತಪ್ಪದು. ಮಹಡಿ ಮೆಟ್ಟಿಲು ಹತ್ತಿ ಹೋಗಿ ಅದನ್ನೇ ಮೇಲಿನವಳಿಗೆ ಹೇಳಿದೆ. ಅವಳು ದೋಸೆ ಹೊಯ್ಯುತ್ತಿದ್ದವಳು ಸೌಟು ಹಿಡಿದೇ ನಿಂತಳು.

"ಮಿಸ್, ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪು ಆನ್ ಇರುತ್ತೆ ತಾನೆ?"

"ಆಫ್ ಕೋರ್ಸ್. ಒಂಬತ್ತಕ್ಕೆ ತಿಂಡಿಯಾದ ಮೇಲೆ ತೆರೆಯುತ್ತೇನಲ್ಲ."

"ಒಂಬತ್ತಕ್ಕಾ? ರಾತ್ರಿಯೆಲ್ಲ ತೆರೆದೇ ಇರಲಿ ಅಂದಿದ್ದೆ ಮಿಸ್."

"ಗುಡುಗು ಬಂದರೆ ಇಡೀ ಮಂಡ್ಯದಲ್ಲಿ ಯಾರು ಪ್ಲಗ್ಗು ತೆಗೆಯದೆ ಮಲಗುತ್ತಾರೆ?"

ಅವಳು ನಿಧಾನವಾಗಿ ಸೌಟು ಕೆಳಗಿಟ್ಟಳು. ಗುಡುಗು ಕೇಳಿದರೆ ಮೊದಲು ಟಿವಿ ಪ್ಲಗ್ಗು, ಆಮೇಲೆ ಫ್ರಿಡ್ಜಿನದು. ನಮ್ಮ ಅಮ್ಮ ರೇಡಿಯೋವಿನ ತಂತಿ ಕೀಳುತ್ತಿದ್ದ ಕಾಲದಿಂದ ಬಂದದ್ದು. ಚಳಿಗಾಲದಲ್ಲಿ ನಾನು ಆ ಲ್ಯಾಪ್‌ಟಾಪನ್ನು ಮುಟ್ಟುತ್ತಲೂ ಇರಲಿಲ್ಲ, ಹಗಲೂ ರಾತ್ರಿ ಎಚ್ಚರವಾಗಿಯೇ ಇತ್ತು. ಮಳೆ ಶುರುವಾದ ಮೇಲೆ ದಿನಾ ಸಂಜೆ ಪ್ಲಗ್ಗು ಕಿತ್ತು, ಅದನ್ನು ಮುಚ್ಚಿ, ಮೇಲೆ ನಾನೇ ಹೆಣೆದ ಕ್ರೋಶೆ ಬಟ್ಟೆಯೊಂದನ್ನು ಹೊದಿಸಿ ಮಲಗಿಸುತ್ತಿದ್ದೆ. ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿದ್ದಾಗ ಎಂಟು ಹೊಡೆದರೆ ಎಂಟರ ಕೆಲಸ ತಪ್ಪಿತು. ಒಂಬತ್ತಕ್ಕೆ ಎಬ್ಬಿಸಿದರೆ, ಅಯ್ಯೋ ಎಂಟರದ್ದು ಉಳಿದಿದೆಯಲ್ಲ ಎಂದು ಅದು ಮಾಡುವುದಿಲ್ಲ, ನಾಳೆಯ ಎಂಟನ್ನೇ ಕಾಯುತ್ತದೆ. ನಾಳೆ ಎಂಟಕ್ಕೂ ನಿದ್ದೆ.

ಅಂದರೆ ಮಳೆ ಬಂದಂದಿನಿಂದ ಬಸವ ಅಂಗಡಿಯ ಕಡೆ ತಲೆ ಹಾಕಿಯೇ ಇರಲಿಲ್ಲ. ಆ ನಡುವೆ ಬೆಲೆ ಇಳಿದು ಮತ್ತೆ ಏರಿತ್ತೋ, ಇಲ್ಲವೋ? ಅದನ್ನು ತಿಳಿಯುವ ದಾರಿಯೇ ಇಲ್ಲವಂತೆ. ನೋಡದೆ ಹೋದ ದಿನದ ಬೆಲೆಯನ್ನು ಆಮೇಲೆ ಹೋಗಿ ನೋಡಲಾಗುವುದಿಲ್ಲ. ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಬೆಲೆಗೆ ಮಾತ್ರ ಹೇಳುವ ಮಾತೇ ಅದು?

"ನಿಮ್ಮ ಫ್ರೆಂಡು ಹೇಳಿದ್ದು ಕರೆಕ್ಟು ಮಿಸ್. ನಾನು ಮಕ್ಕಳಿಗೆ ಪಾಠ ಮಾಡ್ತೀನಿ, ಸುಮ್ಮನಿರೋ ಪ್ರೋಗ್ರಾಮನ್ನ ನಂಬಬೇಡಿ ಅಂತ. ಮನೇಲಿ ಅದನ್ನೇ ಮಾಡಿದೀನಿ ನೋಡಿ" ಎಂದಳು. ದೋಸೆ ಕರಕಲಾಗಿತ್ತು.

ಆ ವಾರವೇ ಅವಳು ಕೆಲಸವನ್ನು ನನ್ನ ಲ್ಯಾಪ್‌ಟಾಪಿನಿಂದ ತೆಗೆದು ಎಲ್ಲೋ ದೂರದಲ್ಲಿರುವ, ಗುಡುಗಿಗೂ ಕರೆಂಟಿಗೂ ಹೆದರದೆ ಸದಾ ಎಚ್ಚರವಾಗಿರುವ ಕಂಪ್ಯೂಟರೊಂದಕ್ಕೆ ವಹಿಸಿದಳು. ಇನ್ನು ಬೆಲೆ ಇಳಿದರೂ, ಏರಿದರೂ, ಹಾಗೆಯೇ ಇದ್ದರೂ ದಿನಾ ಒಂದು ಮೆಸೇಜು ಬರಬೇಕು: "ಹೋಗಿ ನೋಡಿ ಬಂದೆ. ಬೆಲೆ ಇಷ್ಟು." ಪೇಜಿನಲ್ಲಿ ಬೆಲೆ ಸಿಗದಿದ್ದರೆ: "ಹೋಗಿದ್ದೆ, ಬೆಲೆ ಕಾಣಲಿಲ್ಲ." ಯಾವುದೂ ಬರದಿದ್ದರೆ ಬಸ್ಸು ಕೆಟ್ಟಿದೆ ಎಂದು ತಿಳಿಯಬೇಕು. ನಲವತ್ತೈದಕ್ಕೆ ಬಂದರೆ ಮಾತ್ರ ಜೋರಾಗಿ ಗಂಟೆ ಬಾರಿಸಬೇಕು. ಇದೆಲ್ಲ ನನ್ನ ಫೋನಿಗೂ ಬರಬೇಕು, ಬೆಳ್ಳೂರಿನವಳ ಫೋನಿಗೂ. ಅವಳ ಫೋನು ಬಂದ ಮೆಸೇಜನ್ನು ಓದಿ ಹೇಳುವಂಥದ್ದು.

ಮೊದಲ ದಿನ ಎಂಟಕ್ಕೆ ಏನೂ ಬರಲಿಲ್ಲ. ಬಸ್ಸು ಕೆಟ್ಟಿದೆ ಎಂದುಕೊಂಡೆ. ಮಧ್ಯಾಹ್ನ ಒಂದೂವರೆಗೆ, ಮುದ್ದೆ ಮುರಿಯುತ್ತಿದ್ದಾಗ, ಬಂತು. ಆ ದೂರದ ಕಂಪ್ಯೂಟರಿನ ಗಡಿಯಾರ ನಮ್ಮದಲ್ಲವಂತೆ, ನಮಗಿಂತ ಐದೂವರೆ ಗಂಟೆ ಹಿಂದಂತೆ. ಅದರ ಎಂಟು ನಮ್ಮ ಒಂದೂವರೆ. ಮೇಲಿನವಳು ನಾಲಿಗೆ ಕಚ್ಚಿಕೊಂಡು, ಎಂಟು ಇದ್ದಲ್ಲಿ ಎರಡೂವರೆ ಎಂದು ತಿದ್ದಿದಳು. ಮಾರನೆಯ ದಿನ ಎಂಟು ದಾಟುತ್ತಿದ್ದ ಹಾಗೆ ಟಿಣ್ ಎಂದಿತು. "ಹೋಗಿ ನೋಡಿ ಬಂದೆ. ಬೆಲೆ 58,000."

ಆ ದಿನಗಳು ನನಗೆ ಬಹಳ ಇಷ್ಟವಾದ ದಿನಗಳು. ಎಂಟಕ್ಕೆ ಟಿಣ್, ಎಂಟೂ ಐದಕ್ಕೆ ಗೆಳತಿಯ ಫೋನು. ಮೊದಲು ವಾರಕ್ಕೊಮ್ಮೆ ಮಾತನಾಡುತ್ತಿದ್ದವರು ದಿನಾ ಮಾತನಾಡತೊಡಗಿದೆವು. "ನೋಡ್ದೇನೇ? ಕಲ್ಲು ಕಣೇ, ಕಲ್ಲು. ಒಂದು ರೂಪಾಯಿ ಅಳ್ಳಾಡ್ನಿಲ್ಲ" ಎಂದು ಅಂಗಡಿಯವನನ್ನು ಬೈಯುವಳು. ಹಿತ್ತಲಿನ ಹುಣಸೆಮರದ ಮೇಲೆ ಕೊಕ್ಕರೆ ಮರಿಗಳು ದೊಡ್ಡವಾದವು, ಗಲಾಟೆ ತಡೆಯಕ್ಕಾಗಕ್ಕಿಲ್ಲ ಎನ್ನುವಳು. ಪೇಪರಿನಲ್ಲಿ ಏನಿದೆ ಎಂದು ನನ್ನನ್ನೇ ಕೇಳುವಳು. ನಾನು ಟೆಂಡರುಗಳನ್ನೂ ಬಿಡದೆ ಓದುತ್ತಿದ್ದೆ. ಆದರೂ, "ನಿನ್ನ ದನಿ ಟೀಚರ್ ದನಿ ಕಣೇ. ಡಿಕ್ಟೇಶನ್ ಕೊಟ್ಟಂಗಾಯ್ತದೆ" ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದಳು.

ಒಂದು ಬೆಳಿಗ್ಗೆ ಬೆಲೆ ಐವತ್ತೆರಡಾಯಿತು. ಗಂಟೆ ಬಾರಿಸಲಿಲ್ಲ, ಸುಮ್ಮನೆ ನೋಡಿ ಬಂದೆ ಎಂದಿತು ಅಷ್ಟೆ. ಅವಳು ಆ ದಿನ ಬೈಯಲಿಲ್ಲ. "ಅಳ್ಳಾಡ್ತು" ಎಂದಳು, ಗಾಳದ ತುದಿ ಹಿಡಿದವಳ ಹಾಗೆ. ಆಸ್ಪತ್ರೆಯಿಂದ ಬಂದ ಸುದ್ದಿ ಮಾತ್ರ ಅಷ್ಟು ಒಳ್ಳೆಯದಿರಲಿಲ್ಲ. ಎಡಗಣ್ಣಿನಲ್ಲಿ ಮಸುಕು ಇನ್ನಷ್ಟು ಹರಡಿದೆ ಎಂದರಂತೆ. ಅದನ್ನು ನನಗೆ ಹೇಳಿದ್ದು ಮಗ. ಅವಳು ಹೇಳಲಿಲ್ಲ.

ಮಳೆ ಬಿಟ್ಟ ಒಂದು ಶುಕ್ರವಾರ ನಾನು ಎರಡು ದಿನಕ್ಕೆಂದು ಬೆಳ್ಳೂರಿಗೆ ಹೋದೆ. ಆ ವಾರ ಮಹಡಿಯವಳ ಕಾಲೇಜಿನಲ್ಲಿ ಪರೀಕ್ಷೆ, ಅವಳು ಬರಲಿಲ್ಲ. ಶನಿವಾರ ಬೆಳಿಗ್ಗೆ ಜಗುಲಿಯ ಮೇಲೆ ಕೂತಿದ್ದೆವು. ಗೆಳತಿಯ ಫೋನು ಹೆಂಗಸಿನ ದನಿಯಲ್ಲಿ ಹೇಳಿತು: "ಹೋಗಿ ನೋಡಿ ಬಂದೆ. ಬೆಲೆ ನಲವತ್ತೇಳು ಸಾವಿರದ ಐನೂರು."

ನಾನು ಅವಳ ಮುಖ ನೋಡಿದೆ. ಅವಳ ಗೆರೆಗಿಂತ ಎರಡೂವರೆ ಸಾವಿರ ಮೇಲೆ. "ಸಾಕು ಕಣೇ, ತೆಗೆದುಕೋ. ಇನ್ನೂ ಕಾಯುತ್ತೀಯಾ?" ಎಂದೆ.

ಅವಳು ಮಗನನ್ನು ಕೂಗಿದಳು. "ಆ ಪೇಜಲ್ಲಿ ಅಂಗ್ಡಿಯೋನ ಫೋನ್ ನಂಬರು ಇರ್ತದಲ್ಲ, ಆಕ್ಕೊಡ್ಲಾ." ಪೇಜಿನ ತುದಿಯಲ್ಲಿ ನಂಬರು ಇತ್ತು. ಇಷ್ಟು ತಿಂಗಳು ದಿನಾ ಆ ಪೇಜಿಗೆ ಹೋಗಿ ಬಂದರೂ ನನಗೂ ಹೊಳೆದಿರಲಿಲ್ಲ, ಮೇಲಿನವಳಿಗೂ ಹೊಳೆದಿರಲಿಲ್ಲ. ಅಂಗಡಿ ತೆರೆಯುವ ಹೊತ್ತು ನೋಡಿಕೊಂಡು ಮಗ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಹಲೋ, ಯಾರಮ್ಮ?" ಎಂದಿತು ಬೆಂಗಳೂರಿನ ಒಂದು ಮೆದು ದನಿ.

"ನಾನಪ್ಪ, ದಿನಾ ನಿಮ್ಮಂಗ್ಡಿಗೆ ಬಂದೋಗ್ತೀನಲ್ಲ."

"ದಿನಾನಾ? ಎಲ್ಲಿಂದ ಅಮ್ಮ?"

"ಕೊಕ್ಕರೆ ಬೆಳ್ಳೂರಿಂದ."

ಮಗ ಟವಲಿನಿಂದ ಬಾಯಿ ಮುಚ್ಚಿಕೊಂಡ.

"ಸಂಕ್ರಾಂತೀಲಿ ಬಂದಾಗ ಐವತ್ತೆಂಟು ಅಂದ್ರಿ. ಯುಗಾದೀಲಿ ತಿಂಗ್ಳಿಗಿಷ್ಟು ಅಂತ ಆಸೆ ತೋರ್ಸಿದ್ರಿ. ಆಮೇಲೆ ಐವತ್ತೆರಡಾಯ್ತು. ಇವತ್ತು ಬೆಳಗ್ಗೆ ನಲವತ್ತೇಳೂವರೆ ಅಂತ ಬರ್ದಿದೀರಿ. ಎಂಟು ಗಂಟೆಗೇ ನೋಡ್ದೆ. ಇಂಗೆ ಇಳೀತಾ ಅದೆ ಅಂದ್ರೆ ಒಸಾದು ಬತ್ತಾ ಅದೆ ಅಂತಲ್ವಾ ಮಗಾ? ಅಳೇದು ನಿನ್ನ ಅಂಗ್ಡೀಲಿ ಯಾಕೆ ಕೂತಿರ್ಬೇಕು?"

ಆತ ನಕ್ಕುಬಿಟ್ಟ. ಹೊಸ ಮಾಡೆಲ್ ಬರುವುದು ನಿಜ ಎಂದ. ಇದೂ ಚೆನ್ನಾಗಿಯೇ ಇದೆ, ಗ್ಯಾರಂಟಿ ಅಷ್ಟೇ ಇದೆ ಎಂದ. ನಲವತ್ತಾರೂವರೆ ಮಾಡಿಕೊಡುತ್ತೇನೆ ಎಂದ. ಇವಳು ನಲವತ್ತೈದು ಎಂದಳು. ನಲವತ್ತಾರು ಎಂದ. ಇವಳು, "ಸರಿ ಬುಡಪ್ಪ, ನಾಳೆ ಬತ್ತೀನಿ" ಎಂದು ಫೋನು ಇಡಲು ಮಗನಿಗೆ ಸನ್ನೆ ಮಾಡಿದಳು.

"ಅಮ್ಮಾ, ಅಮ್ಮಾ, ಇರಿ" ಎಂದಿತು ಫೋನು.

ಅವಳ ಮುಖದಲ್ಲಿ ಬಂದ ನಗುವನ್ನು ನಾನು ಹೇಗೆ ಬರೆಯಲಿ? ನಲವತ್ತೈದಕ್ಕೆ ಮಾತು ಮುಗಿಯಿತು. ಮಾರನೆಯ ವಾರ ಆತನ ಕಡೆಯ ಹುಡುಗನೇ ತಂದು ಕೂರಿಸಿಕೊಡುವುದೆಂದಾಯಿತು.

"ಅವನು ಕರೆಯದೇ ಇದ್ದಿದ್ದರೆ?" ಎಂದು ಆಮೇಲೆ ಕೇಳಿದೆ.

"ಇನ್ನೊಂದ್ಗಳಿಗೆ ಬುಟ್ಟು ನಾನೇ ಫೋನ್ ಮಾಡಿ ತಕ್ಕತಿದ್ದೆ. ಕಣ್ಣು ಕಾಯ್ತದಾ? ನಂಗೊತ್ತಿಲ್ವಾ? ಆದ್ರೆ ಅದು ಅವನಿಗೆ ಗೊತ್ತಾಗ್ಬಾರ್ದು" ಎಂದಳು. ಹಾಗೆಂದು ಹುಣಸೆಮರದ ಕಡೆ, ಮರಿಗಳ ಗಲಾಟೆಯ ಕಡೆ, ಕತ್ತು ವಾಲಿಸಿ ಕೂತಳು.

ಮಂಡ್ಯಕ್ಕೆ ಬಂದು ಹೇಳಿದಾಗ ಮೇಲಿನವಳು ಕುಣಿದಾಡಿದಳು. "ಇನ್ನು ಈ ಕೆಲಸ ನಿಲ್ಲಿಸಲಾ ಮಿಸ್? ಇಲ್ಲ ಹಾಗೇ ಓಡ್ತಾ ಇರಲಾ?" ಎಂದು ಕೇಳಿದಳು. ಬೆಳ್ಳೂರಿಗೆ ಫೋನು ಹಚ್ಚಿ ಕೇಳಿದರೆ, "ನಿಲ್ಸಿ, ಈಗ್ಲೇ ನಿಲ್ಸಿ! ಕೊಂಡ್ಮೇಲೆ ಬೆಲೆ ಕೇಳ್ಬಾರ್ದು. ನಾಳೆ ನಲವತ್ತಾದ್ರೆ ನನ್ನ ಒಟ್ಟೆ ಉರ್ದೋಯ್ತದೆ" ಎಂದು ಅಬ್ಬರಿಸಿದಳು. ಮೇಲಿನವಳು ಆ ನಕ್ಷತ್ರಗಳ ಸಾಲನ್ನು ಅಳಿಸಿಹಾಕಿದಳು. ಮಾರನೆಯ ಬೆಳಿಗ್ಗೆ ಎಂಟಕ್ಕೆ ಕಾಫಿ ಲೋಟ ಹಿಡಿದು ನಾನು ಸುಮ್ಮನೆ ಫೋನು ನೋಡುತ್ತಾ ಕೂತಿದ್ದೆ. ಸಿಲ್ಲಿ, ಐ ನೋ.

ಯಂತ್ರ ಬಂದ ಮೇಲಿನ ಭಾನುವಾರ ನಾವಿಬ್ಬರೂ, ನಾನು ಮತ್ತು ಮೇಲಿನವಳು, ಬೆಳ್ಳೂರಿಗೆ ಹೋದೆವು. ಕಿಟಕಿಯ ಪಕ್ಕ ಮೇಜು ಹಾಕಿ ಇಟ್ಟಿದ್ದರು. ಗೆಳತಿ ಮೊದಲು ತನ್ನ ಅಂಗೈಯನ್ನು ಇಟ್ಟು ನೋಡಿದಳು. ಒಂದೊಂದು ಗೆರೆಯೂ ಕಾಲುವೆಯಷ್ಟಾಗಿ ಕಂಡಿತು. "ಥೂ, ಮಣ್ಣು" ಎಂದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಅಂದಿನ ಪೇಪರು. ಕತ್ತು ಓರೆ ಮಾಡಿ, ತಟ್ಟೆಯನ್ನು ನಿಧಾನಕ್ಕೆ ಜರುಗಿಸುತ್ತಾ, ಎರಡೆರಡು ಅಕ್ಷರ ಕೂಡಿಸಿ ಓದಿದಳು. ಸಾಲಿನ ತುದಿಗೆ ಬಂದಾಗ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆಂದು ತಿಳಿಯದೆ ತಟ್ಟೆ ಅತ್ತಿತ್ತ ಅಲೆಯಿತು. ಮೇಲಿನವಳು ಕೈ ಹಾಕಲು ಹೋದಳು. ನಾನು ಅವಳ ಕೈ ಹಿಡಿದು ತಡೆದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಸಿಕ್ಕಿತು.

ಅರ್ಧ ಪುಟ ಆಯಿತೋ ಇಲ್ಲವೋ, ತಿರುಗಿ ಕೇಳಿದಳು, "ಏನೇ ಇದು? ನಾನು ಓದೋದ್ ಬುಟ್ಟಾಗ ಇದೇ ಕಾಲ್ವೆ ನೀರಿಗೆ ಜಗಳ, ಇದೇ ಸಕ್ಕರೆ ಕಾರ್ಖಾನೆ ಬಾಕಿ. ಇಷ್ಟು ದಿನದಲ್ಲಿ ಈ ಮಂಡ್ಯದಲ್ಲಿ ಏನೂ ಆಗೇ ಇಲ್ವಲ್ಲೇ!"

"ನಾನು ಓದಿ ಹೇಳಿದಾಗಲೂ ಅದನ್ನೇ ಹೇಳಿದ್ದೆ" ಎಂದೆ.

"ನೀನು ಏಳಿದ್ರೆ ನಂಬ್ಬೇಕಾ?" ಎಂದು ಮತ್ತೆ ಪರದೆಯ ಕಡೆ ವಾಲಿದಳು.

ಸೊಸೆ ಬಂದು ಊಟಕ್ಕೆ ಎಲೆ ಹಾಕಲೇ ಎಂದು ಕೇಳಿದಳು. ಮಗ ಇನ್ನೊಮ್ಮೆ ಕೇಳಿದ. "ಡೋಂಟ್ ಡಿಸ್ಟರ್ಬ್ ಮಿ. ಐ ಆಮ್ ರೀಡಿಂಗ್" ಎಂದಳು, ಸಿಸ್ಟರುಗಳ ಇಂಗ್ಲಿಷಿನಲ್ಲಿ, ತಲೆಯೆತ್ತದೆ. ನಾವೆಲ್ಲ ಜಗುಲಿಗೆ ಬಂದು ಸದ್ದಿಲ್ಲದೆ ಕೂತೆವು. ಹಸಿವಾಗಿತ್ತು. ಒಳಗಿನಿಂದ ತಟ್ಟೆ ಜರುಗುವ ಕಿರ್ರ್ ಸದ್ದು ಮಾತ್ರ ಬರುತ್ತಿತ್ತು. ಅವಳಿನ್ನೂ ಮೂರನೆಯ ಪುಟದಲ್ಲಿದ್ದಳು, ಟೆಂಡರುಗಳು ದೂರವಿದ್ದವು.